ಶಟರ್ ಎಳೆದ ಕಂಪನಿ, ಬಾಕಿ ಉಳಿದ ಎರಡೂವರೆ ತಿಂಗಳ ಸಂಬಳ: ನಮ್ಮ ಕೇಸ್ ಪೂರ್ತಿ

2022 ಜನವರಿ 31, ಸೋಮವಾರ. ಸಾಯಂಕಾಲ ಆರೂವರೆಗೆ ಆಫೀಸ್ ವಾಟ್ಸಾಪ್ ಗ್ರೂಪಲ್ಲಿ ನಮ್ಮ ಡೈರೆಕ್ಟರ್ ಸರ್ ಒಂದು ಮೆಸೇಜ್ ಹಾಕಿದ್ರು, ನಾಳೆಯಿಂದ ಯಾರೂ ಬರೋದು ಬೇಡ, ಆಪರೇಷನ್ಸ್ ನಿಲ್ಲಿಸ್ತಿದೀವಿ, ಬಾಕಿ ವಿಷಯ ಆಮೇಲೆ ಮಾತಾಡೋಣ ಅಂತ. ಅದಾದ ಹತ್ತು ನಿಮಿಷಕ್ಕೆ ಗ್ರೂಪ್ ಸೆಟ್ಟಿಂಗ್ ಬದಲಾಯಿಸಿ ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ ಮಾಡಿಬಿಟ್ರು. ನಾನು ಅಲ್ಲಿ ಅಕೌಂಟ್ಸ್ ನೋಡ್ಕೋತಿದ್ದೆ, ಹಂಗಾಗಿ ಬ್ಯಾಂಕಲ್ಲಿ ಎಷ್ಟಿದೆ ಅಂತ ಗೊತ್ತಿತ್ತು, ಮೆಸೇಜ್ ನೋಡಿ ಆಶ್ಚರ್ಯ ಆಗ್ಲಿಲ್ಲ. ಆದ್ರೆ ಸರ್ವೀಸ್ ಹುಡುಗರಿಗೆ ಗೊತ್ತಿರ್ಲಿಲ್ಲ, ಅವರಲ್ಲಿ ಒಬ್ಬ ಅವತ್ತು ತುಮಕೂರಲ್ಲಿ ಒಂದು ಅಂಗಡೀಲಿ ಬಿಲ್ಲಿಂಗ್ ಮಷೀನ್ ರಿಪೇರಿ ಮಾಡ್ತಾ ಕೂತಿದ್ದ, ಬಸ್ಸಿಗೆ ಅವನೇ ಕೈಯಿಂದ ಹಾಕ್ಕೊಂಡು ಹೋಗಿದ್ದ.

ಕಂಪನಿ ಚಿಕ್ಕದು, ಬೆಂಗಳೂರಲ್ಲಿ ಅಂಗಡಿ ಹೋಟೆಲ್‌ಗಳಿಗೆ ಬಿಲ್ಲಿಂಗ್ ಮಷೀನು, ಅದರ ಸಾಫ್ಟ್‌ವೇರ್ ಕೊಡ್ತಿದ್ವಿ. ಗಂಡ ಹೆಂಡತಿ ಇಬ್ಬರೇ ಡೈರೆಕ್ಟರ್‌ಗಳು, ಪ್ರೈವೇಟ್ ಲಿಮಿಟೆಡ್. ಕೊನೇಲಿ ನಾವು 24 ಜನ ಇದ್ವಿ. ನವೆಂಬರ್ ಸಂಬಳ ಅರ್ಧ ಬಂದಿತ್ತು, ಡಿಸೆಂಬರ್ ಜನವರಿ ಪೂರ್ತಿ ಬಾಕಿ. ಅಲ್ಲಿಂದ ದುಡ್ಡು ಕೈಗೆ ಬರೋ ತನಕ ಮೂರು ವರ್ಷದ ಮೇಲಾಯ್ತು. ಎಲ್ಲರಿಗೂ ಬರ್ಲಿಲ್ಲ ಅನ್ನೋದನ್ನೂ ಮೊದಲೇ ಹೇಳಿಬಿಡ್ತೀನಿ. ಯಾರಿಗೆ ಬಂತು, ಯಾರಿಗೆ ಬರ್ಲಿಲ್ಲ, ಯಾಕೆ, ಅದನ್ನ ಬರೆಯೋಣ ಅಂತಲೇ ಕೂತಿದೀನಿ.

ಮೊದಲನೇ ವಾರದಲ್ಲಿ ನಡೆದದ್ದೇ ಮುಂದಿನ ಎಲ್ಲವನ್ನೂ ನಿರ್ಧಾರ ಮಾಡಿಬಿಡ್ತು. ಫೆಬ್ರವರಿ ಮೂರಕ್ಕೆ ಸರ್ ಕಡೆಯಿಂದ ಒಬ್ಬೊಬ್ಬರಿಗೇ ಫೋನ್ ಬರೋಕೆ ಶುರುವಾಯ್ತು, ಲ್ಯಾಪ್‌ಟಾಪ್ ತಂದುಕೊಡಿ, ರಿಲೀವಿಂಗ್ ಲೆಟರ್ ತಗೊಂಡು ಹೋಗಿ ಅಂತ. ಹೋದವರ ಮುಂದೆ ಒಂದು ಪೇಪರ್ ಇಡ್ತಿದ್ರು. ಅದರಲ್ಲಿ ನಾನು ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಟ್ಟಿದೀನಿ, ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಆಗಿದೆ, ಕಂಪನಿಯಿಂದ ಏನೂ ಬರಬೇಕಾಗಿಲ್ಲ ಅಂತ ಇತ್ತು. ಇಬ್ಬರು ಸೈನ್ ಹಾಕಿದ್ರು. ತಪ್ಪು ಅಂತ ಹೇಳೋಕಾಗಲ್ಲ, ಒಬ್ಬನಿಗೆ ಹೊಸ ಕೆಲಸ ಸಿಕ್ಕಿತ್ತು, ರಿಲೀವಿಂಗ್ ಲೆಟರ್ ಇಲ್ದೆ ಅಲ್ಲಿ ಸೇರಿಸ್ಕೊಳ್ತಿರ್ಲಿಲ್ಲ. ಆದ್ರೆ ಆ ಒಂದು ಸೈನಿನಿಂದ ಅವರಿಬ್ಬರೂ ಕೊನೇ ತನಕ ಹೊರಗೇ ಉಳಿದ್ರು.

ಇನ್ನು ಕೆಲವರು ಉಲ್ಟಾ ಯೋಚನೆ ಮಾಡಿದ್ರು, ಸಂಬಳ ಕೊಡೋ ತನಕ ಲ್ಯಾಪ್‌ಟಾಪ್ ಕೊಡಲ್ಲ ಅಂತ. ನಮ್ಮ ಟೆಸ್ಟರ್ ಮೇಡಂ ಅವರ ಚಿಕ್ಕಪ್ಪ ಕೋರ್ಟಲ್ಲಿ ಕ್ಲರ್ಕ್ ಆಗಿದ್ದವರು, ಅವರೇ ನಮಗೆ ಬುದ್ಧಿ ಹೇಳಿದ್ದು, ನಿಮ್ಮದು ಸಂಬಳ ಬರಬೇಕಾದ ಕೇಸು, ಲ್ಯಾಪ್‌ಟಾಪ್ ಇಟ್ಕೊಂಡ್ರೆ ಅವನು ಸ್ಟೇಷನ್‌ಗೆ ಹೋಗಿ ನಿಮ್ಮ ಮೇಲೇ ಕಂಪ್ಲೇಂಟ್ ಕೊಡ್ತಾನೆ, ಆಮೇಲೆ ನೀವು ಅದನ್ನ ಬಿಡಿಸ್ಕೊಳ್ಳೋಕೆ ಓಡಾಡಬೇಕಾಗತ್ತೆ ಅಂತ. ಹಂಗಾಗಿ ಎಲ್ಲರೂ ಒಂದೇ ದಿನ ಹೋಗಿ, ಸೀರಿಯಲ್ ನಂಬರ್ ಸಮೇತ ಲಿಸ್ಟ್ ಮಾಡಿ, ಎರಡು ಕಾಪಿ ಪ್ರಿಂಟ್ ತಗೊಂಡು, ಒಂದು ಕಾಪೀಲಿ ಅವರ ಸೈನ್ ಹಾಕಿಸ್ಕೊಂಡು ಬಂದ್ವಿ. ಆ ಲಿಸ್ಟಿನ ಕೆಳಗೆ ಟೆಸ್ಟರ್ ಮೇಡಂ ಒಂದು ಸಾಲು ಸೇರಿಸಿದ್ರು: ನವೆಂಬರ್ ಅರ್ಧ, ಡಿಸೆಂಬರ್, ಜನವರಿ ಸಂಬಳ ಬಾಕಿ ಇದೆ. ಸರ್ ಅದನ್ನ ಓದ್ದೇನೇ ಸೈನ್ ಹಾಕಿದ್ರೋ ಓದಿ ಹಾಕಿದ್ರೋ ಗೊತ್ತಿಲ್ಲ. ಎರಡು ವರ್ಷ ಆದಮೇಲೆ ಅವರ ಲಾಯರ್‌ಗೆ ಆ ಸಾಲು ಬಹಳ ಕಿರಿಕಿರಿ ಮಾಡ್ತು.

ದಾಖಲೆ ವಿಷಯದಲ್ಲಿ ನಮಗೆ ಇನ್ನೊಂದು ಅದೃಷ್ಟ ಇತ್ತು. ಡಿಸೆಂಬರ್ ಸಂಬಳ ಯಾರಿಗೂ ಹೋಗಿರ್ಲಿಲ್ಲ, ಆದ್ರೆ ಪೇರೋಲ್ ಶೀಟ್ ರೆಡಿ ಆಗಿತ್ತು. ನಮ್ಮ ಟ್ಯಾಕ್ಸ್ ಕನ್ಸಲ್ಟೆಂಟ್ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡ್ದೆ ಆ ಶೀಟ್ ಇಟ್ಕೊಂಡೇ ಮೂರನೇ ಕ್ವಾರ್ಟರ್ ಟಿಡಿಎಸ್ ರಿಟರ್ನ್ ಹಾಕಿಬಿಟ್ಟಿದ್ರು. ಹಾಗಾಗಿ ಡೆವಲಪರ್‌ಗಳು ತಮ್ಮ 26ಎಎಸ್, ಅಂದ್ರೆ ನಮ್ಮ ಹೆಸರಲ್ಲಿ ಯಾರು ಎಷ್ಟು ಟ್ಯಾಕ್ಸ್ ಹಿಡಿದಿದಾರೆ ಅಂತ ಇನ್‌ಕಮ್ ಟ್ಯಾಕ್ಸ್ ಇಲಾಖೆ ತೋರಿಸೋ ಪಟ್ಟಿ, ತೆಗೆದು ನೋಡಿದಾಗ ಡಿಸೆಂಬರ್ ತಿಂಗಳ ಸಂಬಳ ಇಷ್ಟು, ಕಟ್ ಮಾಡಿದ ಟ್ಯಾಕ್ಸ್ ಇಷ್ಟು ಅಂತ ಸಾಲು ಕಾಣ್ತಿತ್ತು. ಕಂಪನಿಯೇ ಸರ್ಕಾರಕ್ಕೆ ಬರೆದುಕೊಟ್ಟಿದೆ ಈ ತಿಂಗಳು ಇವನಿಗೆ 62,000 ಸಂಬಳ ಅಂತ, ಇವನ ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಆ ದುಡ್ಡು ಇಲ್ಲ. ಎರಡು ಕಾಗದ ಪಕ್ಕ ಪಕ್ಕ ಇಟ್ರೆ ಮುಗೀತು. ನಿಮಗೆ ಸಂಬಳ ಬಾಕಿ ಇದ್ರೆ ಮೊದಲು 26ಎಎಸ್ ನೋಡಿ, ಆಮೇಲೆ ಪಿಎಫ್ ಪಾಸ್‌ಬುಕ್. ಆಫೀಸ್ ಮೇಲ್ ಐಡಿ ಬ್ಲಾಕ್ ಮಾಡೋಕ್ಕೆ ಮುಂಚೆ ಆಫರ್ ಲೆಟರ್, ಪೇಸ್ಲಿಪ್, ಇನ್‌ಕ್ರಿಮೆಂಟ್ ಲೆಟರ್ ಪರ್ಸನಲ್ ಮೇಲ್‌ಗೆ ತಗೊಳ್ಳಿ. ನಮ್ಮದು ಐದನೇ ದಿನಕ್ಕೆ ಬ್ಲಾಕ್ ಆಯ್ತು.

ಇನ್ನು ಪಿಎಫ್. ಅಕ್ಟೋಬರ್ ಸಂಬಳದಲ್ಲೂ, ಆ ಅರ್ಧ ಬಂದ ನವೆಂಬರ್ ಸಂಬಳದಲ್ಲೂ ಪಿಎಫ್ ಅಂತ 1,800 ರೂಪಾಯಿ ಪೂರ್ತಿ ಹಿಡಿದಿದ್ರು, ಪಾಸ್‌ಬುಕ್ಕಲ್ಲಿ ಎರಡೂ ತಿಂಗಳು ಖಾಲಿ. ಇದು ಸಂಬಳದ ಬಾಕಿ ಥರ ಅಲ್ಲ, ನಮ್ಮಿಂದ ಹಿಡಿದ ದುಡ್ಡು ಕಟ್ದೇ ಇರೋದು ಕ್ರಿಮಿನಲ್ ವಿಷಯ, ನಂಬಿಕೆ ದ್ರೋಹ ಅಂತ ಕಾನೂನಲ್ಲೇ ಇದೆ. ಹಿಂದೆ ಬೀಳೋಕೆ ನಾವು ಖರ್ಚು ಮಾಡಬೇಕಾಗಿಲ್ಲ, ಪಿಎಫ್ ಇಲಾಖೆ ತಾನೇ ವಿಚಾರಣೆ ಮಾಡಿ ವಸೂಲಿ ಮಾಡತ್ತೆ, ಮೇಲೆ ವರ್ಷಕ್ಕೆ 12% ಬಡ್ಡಿ ಬೇರೆ. ಆನ್‌ಲೈನ್ ಗ್ರೀವೆನ್ಸ್ ಪೋರ್ಟಲಲ್ಲಿ ಹನ್ನೆರಡು ಜನ ಬೇರೆ ಬೇರೆ ಕಂಪ್ಲೇಂಟ್ ಹಾಕಿದ್ವಿ, ಪೇಸ್ಲಿಪ್ ಜೊತೆಗೆ. ಟೈಮ್ ಹಿಡೀತು, 2023ರಲ್ಲಿ ಪಾಸ್‌ಬುಕ್ಕಿಗೆ ದುಡ್ಡು ಬಂತು. ಇಡೀ ಕೇಸಲ್ಲಿ ಲಾಯರ್ ಇಲ್ದೆ ಬಂದ ದುಡ್ಡು ಇದೊಂದೇ. ಇನ್ನೊಂದು ಚಿಕ್ಕ ವಿಷಯ, ಕಂಪನಿ ಮುಚ್ಚಿ ಹೋದ್ರೆ ನಿಮ್ಮ ಎಕ್ಸಿಟ್ ಡೇಟ್ ಹಾಕೋರು ಯಾರೂ ಇರಲ್ಲ, ಆ ಡೇಟ್ ಇಲ್ದೆ ಪಿಎಫ್ ಟ್ರಾನ್ಸ್‌ಫರ್ ತೊಂದರೆ. ಕೊನೇ ಕಾಂಟ್ರಿಬ್ಯೂಷನ್ ಆಗಿ ಎರಡು ತಿಂಗಳು ಕಳೆದ ಮೇಲೆ ಯುಎಎನ್ ಪೋರ್ಟಲಲ್ಲಿ Mark Exit ಅಂತ ಇರತ್ತೆ, ನೀವೇ ಹಾಕ್ಕೋಬಹುದು.

ಸಂಬಳದ ಕಡೆ ಬರೋಣ. ಅವಾಗ ಯಾರು ಏನು ಹೇಳಿದ್ರು ಅಂದ್ರೆ ಕೇಳಬೇಡಿ. ಪೊಲೀಸ್ ಸ್ಟೇಷನ್‌ಗೆ ಹೋದವರಿಗೆ ಇದು ಸಿವಿಲ್ ವಿಷಯ ಅಂತ ಹೇಳಿ ಕಳಿಸಿದ್ರು, ಬರೀ ಸಂಬಳ ಕೊಟ್ಟಿಲ್ಲ ಅನ್ನೋದಕ್ಕೆ ಅವರು ಹೇಳಿದ್ದು ತಪ್ಪೂ ಅಲ್ಲ. ಒಬ್ಬ ಲಾಯರು ಎನ್‌ಸಿಎಲ್‌ಟಿ ಅನ್ನೋ ಕಂಪನಿ ಕೇಸುಗಳ ಟ್ರಿಬ್ಯೂನಲ್‌ಗೆ ಹೋಗೋಣ, ಕಂಪನೀನ ದಿವಾಳಿ ಮಾಡಿಸೋಣ ಅಂದ್ರು. ಮೊದಲು ಒಂದು ಲಕ್ಷ ಬಾಕಿ ಇದ್ರೂ ಹಾಗೆ ಹೋಗಬಹುದಿತ್ತು, 2020 ಮಾರ್ಚ್ 24ರಿಂದ ಅದನ್ನ ಒಂದು ಕೋಟಿಗೆ ಏರಿಸಿದಾರೆ. ನಮ್ಮೆಲ್ಲರ ಬಾಕಿ ಕೂಡಿಸಿದ್ರೂ ಮೂವತ್ತು ಲಕ್ಷ ಮುಟ್ತಿರ್ಲಿಲ್ಲ. ಹಳೇ ಮಾಹಿತಿ ಓದ್ಕೊಂಡು ಫೀಸ್ ಕೇಳೋರು ಇರ್ತಾರೆ, ಹುಷಾರು. ಬೇರೆ ಯಾರೋ, ಬ್ಯಾಂಕೋ ಸಪ್ಲೈಯರೋ, ನಿಮ್ಮ ಕಂಪನೀನ ಆಗ್ಲೇ ಅಲ್ಲಿಗೆ ಎಳೆದಿದ್ರೆ ಕಥೆ ಬೇರೆ, ಅವಾಗ ನೀವು ಕೇಸ್ ಹಾಕೋದೇನೂ ಬೇಡ, ದಿವಾಳಿ ಪ್ರಕ್ರಿಯೆ ನೋಡ್ಕೊಳ್ಳೋಕೆ ಅಲ್ಲಿ ನೇಮಕ ಆಗಿರೋ ರೆಸಲ್ಯೂಷನ್ ಪ್ರೊಫೆಷನಲ್‌ಗೆ ಫಾರ್ಮ್ ಡಿ ತುಂಬಿ ಕ್ಲೇಮ್ ಕೊಟ್ರೆ ಆಯ್ತು.

ನಾವು ಹೋಗಿದ್ದು ಬನ್ನೇರುಘಟ್ಟ ರಸ್ತೆ ಕಾರ್ಮಿಕ ಭವನಕ್ಕೆ. ಅಲ್ಲಿ ಮೊದಲು ಕೇಳಿದ ಪ್ರಶ್ನೆ ಎಷ್ಟು ಬಾಕಿ ಅನ್ನೋದಲ್ಲ. ಅಧಿಕಾರಿ ನಮ್ಮ ಲಿಸ್ಟ್ ನೋಡಿ, ಇದರಲ್ಲಿ ವರ್ಕ್‌ಮನ್ ಯಾರು, ಮ್ಯಾನೇಜರ್ ಯಾರಮ್ಮ ಅಂತ ಕೇಳಿದ್ರು. ನನಗೆ ಅವಾಗ ಅದು ಅರ್ಥ ಆಗಿರ್ಲಿಲ್ಲ. ಆಗ ಇದ್ದ ಕೈಗಾರಿಕಾ ವಿವಾದ ಕಾಯ್ದೆ ಪ್ರಕಾರ ಕೈಕೆಲಸ, ಟೆಕ್ನಿಕಲ್ ಕೆಲಸ, ಕ್ಲರ್ಕ್ ಕೆಲಸ ಮಾಡೋರು ವರ್ಕ್‌ಮನ್, ಅವರಿಗೆ ಸಂಬಳದ ಮಿತಿ ಇಲ್ಲ. ಸೂಪರ್‌ವೈಸರ್ ಆಗಿದ್ದು 10,000ಕ್ಕಿಂತ ಜಾಸ್ತಿ ಸಂಬಳ ಇರೋರು, ಮ್ಯಾನೇಜರ್ ಕೆಲಸ ಮಾಡೋರು ಹೊರಗೆ. ಹೆಸರಿನ ಮುಂದೆ ಏನು ಡೆಸಿಗ್ನೇಷನ್ ಇದೆ ಅನ್ನೋದು ಮುಖ್ಯ ಅಲ್ಲ, ದಿನಾ ಏನು ಕೆಲಸ ಮಾಡ್ತಿದ್ರಿ ಅನ್ನೋದು ಮುಖ್ಯ. ನಮ್ಮಲ್ಲಿ ಒಬ್ಬನ ಕಾರ್ಡಲ್ಲಿ ಟೆಕ್ನಿಕಲ್ ಲೀಡ್ ಅಂತಿತ್ತು, ಪಾಪ ಅವನ ಕೈ ಕೆಳಗೆ ಯಾರೂ ಇರ್ಲಿಲ್ಲ, ದಿನಪೂರ್ತಿ ಕೋಡ್ ಬರೀತಿದ್ದ, ಅವನೂ ಒಳಗೆ ಬಂದ. ಸೇಲ್ಸ್ ಮ್ಯಾನೇಜರ್, ಆಪರೇಷನ್ಸ್ ಮ್ಯಾನೇಜರ್ ಇಬ್ಬರೂ ಹೊರಗೆ ಉಳಿದ್ರು, ರಜೆ ಕೊಡೋದು, ಕೆಲಸಕ್ಕೆ ತಗೊಳ್ಳೋದು ತೆಗೆಯೋದು ಎಲ್ಲ ನಿಜವಾಗ್ಲೂ ಅವರೇ ಮಾಡ್ತಿದ್ದಿದ್ದು. ಒಬ್ಬ ಡೆವಲಪರ್ ವಿದೇಶಕ್ಕೆ ಹೋಗಿಬಿಟ್ಟ, ಬೇಡ ಅಂದ. ಸೈನ್ ಹಾಕಿದ ಇಬ್ಬರೂ ಬರ್ಲಿಲ್ಲ. 24ರಲ್ಲಿ ಉಳಿದವರು 19.

ಅಲ್ಲೇ ಇನ್ನೊಂದು ವಿಷಯ ಗೊತ್ತಾಯ್ತು, ನಾವು ಬರೀ ಬಾಕಿ ಸಂಬಳ ಕೇಳ್ತಿದ್ವಿ, ಕಂಪನಿ ಮುಚ್ಚಿದ್ದಕ್ಕೆ ಪರಿಹಾರ ಅಂತ ಬೇರೇನೇ ಒಂದಿದೆ. ಒಂದು ವರ್ಷ ಸರ್ವೀಸ್ ಆಗಿರೋ ವರ್ಕ್‌ಮನ್‌ಗೆ ಪ್ರತಿ ಪೂರ್ತಿ ವರ್ಷಕ್ಕೆ 15 ದಿನದ ಸಂಬಳ, ಮೇಲೆ ನೋಟಿಸ್ ಕೊಡದೆ ಮುಚ್ಚಿದ್ರೆ ಒಂದು ತಿಂಗಳ ಸಂಬಳ. ಸರ್ವೀಸ್ ಹುಡುಗಂದು ಲೆಕ್ಕ ಹಾಕಿ ತೋರಿಸ್ತೀನಿ, ಆ ತುಮಕೂರಿಗೆ ಹೋಗಿದ್ದನಲ್ಲ ಅವನದು. ಸಂಬಳ 19,500. ಬಾಕಿ ಎರಡೂವರೆ ತಿಂಗಳು ಅಂದ್ರೆ 48,750. ಸರ್ವೀಸ್ ನಾಲ್ಕು ವರ್ಷ ಪೂರ್ತಿ, ವರ್ಷಕ್ಕೆ ಅರ್ಧ ತಿಂಗಳಿನ ಹಾಗೆ 9,750 ಇಂಟು ನಾಲ್ಕು, 39,000. ನೋಟಿಸ್ ಸಂಬಳ 19,500. ಎರಡೂ ಸೇರಿ 58,500. ನೋಡಿ, ಅವನು ಕೇಳೋಕೇ ಗೊತ್ತಿಲ್ಲದೇ ಬಿಡ್ತಿದ್ದ ದುಡ್ಡು ಅವನು ಕೇಳ್ತಿದ್ದ ದುಡ್ಡಿಗಿಂತ ಜಾಸ್ತಿ. ಒಟ್ಟು 1,07,250. ಈ ಲೆಕ್ಕ ಫೋನಲ್ಲಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ನಿದ್ದು, ಅಕ್ಕಾ ತಮಾಷೆ ಮಾಡ್ತಿದೀರಾ ಅಂದ. ನಮ್ಮ 19 ಜನದ್ದು ಸಂಬಳ ಬಾಕಿ 16.4 ಲಕ್ಷ, ಮುಚ್ಚಿದ್ದಕ್ಕೆ ಬರಬೇಕಾದ್ದು 11.2 ಲಕ್ಷ ಆಯ್ತು.

ಕಾರ್ಮಿಕ ಇಲಾಖೆ ಮುಂದೆ ನಡೆದ ರಾಜಿ ಸಂಧಾನದಲ್ಲಿ ಸರ್ ಅವರ ಲಾಯರ್ ಎರಡು ಸಲ ಬಂದ್ರು. ದೊಡ್ಡ ಕಸ್ಟಮರ್ ಬಿಟ್ಟುಹೋದ, ನಷ್ಟ ಆಯ್ತು, ನಮ್ಮ ಕೈ ಮೀರಿದ ಪರಿಸ್ಥಿತಿ ಅಂದ್ರು. ಕೈ ಮೀರಿದ ಕಾರಣ ಅಂತ ಆದ್ರೆ ಪರಿಹಾರ ಮೂರು ತಿಂಗಳ ಸಂಬಳಕ್ಕಿಂತ ಹೆಚ್ಚಾಗಲ್ಲ, ಅದಕ್ಕೇ ಆ ವಾದ. ಆದ್ರೆ ಬರೀ ನಷ್ಟ, ಬರೀ ದುಡ್ಡಿನ ಮುಗ್ಗಟ್ಟು ಕೈ ಮೀರಿದ ಕಾರಣ ಅಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ. ಮೂರನೇ ಡೇಟಿಂದ ಅವರು ಬರೋದೇ ನಿಲ್ಲಿಸಿದ್ರು. ಸಂಧಾನ ಮುರಿದುಬಿತ್ತು. 2022ರ ಕೊನೇಲಿ ಲೇಬರ್ ಕೋರ್ಟಿಗೆ ಅದೇ ಕೈಗಾರಿಕಾ ವಿವಾದ ಕಾಯ್ದೆಯ 33ಸಿ(2) ಸೆಕ್ಷನ್ ಕೆಳಗೆ ಅರ್ಜಿ ಹಾಕಿದ್ವಿ, ಒಬ್ಬೊಬ್ಬರಿಗೂ ಒಂದೊಂದು, ಎಲ್ಲ ಸೇರಿಸಿ ಒಟ್ಟಿಗೆ ವಿಚಾರಣೆ. ಈ ಸೆಕ್ಷನ್ ಇದ್ದಿದ್ದು ಬರಬೇಕಾದ ದುಡ್ಡನ್ನ ಲೆಕ್ಕ ಹಾಕಿಕೊಡಿ ಅಂತ ಕೇಳೋದಕ್ಕೆ ಮಾತ್ರ, ಹಕ್ಕು ಇದೆಯೋ ಇಲ್ವೋ ಅನ್ನೋ ಜಗಳ ಇದರಲ್ಲಿ ನಿಲ್ತಿರ್ಲಿಲ್ಲ. ಅದಕ್ಕೇ ಅವರ ಲಾಯರ್ ಇವರೆಲ್ಲ ತಾವೇ ರಾಜೀನಾಮೆ ಕೊಟ್ಟಿದಾರೆ, ಹಕ್ಕೇ ಇಲ್ಲ ಅಂತ ಹಾಕಿದ್ರು. ಆ ಲ್ಯಾಪ್‌ಟಾಪ್ ಲಿಸ್ಟು, ವಾಟ್ಸಾಪ್ ಮೆಸೇಜು, 26ಎಎಸ್ಸು ಅಲ್ಲಿ ಕೆಲಸಕ್ಕೆ ಬಂದ್ವು. ಕೆಲಸಕ್ಕೆ ಬಂದ್ವು ಅಂದ್ರೆ ಅರ್ಜಿ ವಜಾ ಆಗ್ಲಿಲ್ಲ ಅಷ್ಟೇ. ಡೇಟ್ ಮೇಲೆ ಡೇಟ್. ಲಾಯರ್ ಫೀಸ್ ನಾವು ಹಂಚ್ಕೊಂಡ್ವಿ, ನಮ್ಮಲ್ಲಿದ್ದ ಏಳು ಹೆಂಗಸರು ಆಮೇಲೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗೇ ವಕೀಲರನ್ನ ತಗೋಬಹುದಿತ್ತು ಅಂತ ತಿಳ್ಕೊಂಡ್ವಿ, ಹೆಂಗಸರಿಗೆ ಆದಾಯದ ಮಿತಿ ನೋಡಲ್ಲ, ಕಾರ್ಮಿಕರಿಗೂ ಅವಕಾಶ ಇದೆ. ಮುಂಚೆ ಯಾರೂ ಹೇಳಿರ್ಲಿಲ್ಲ.

ಆದ್ರೆ ನಿಜವಾದ ಹೆದರಿಕೆ ಬೇರೆ ಇತ್ತು. ನಾಳೆ ಆರ್ಡರ್ ನಮ್ಮ ಕಡೆ ಬಂದ್ರೂ ಯಾರ ಹತ್ರ ವಸೂಲಿ ಮಾಡೋದು? ಒಬ್ಬರೇ ಮಾಲೀಕರ ಅಂಗಡಿಯಾಗಿದ್ರೆ, ಪಾರ್ಟ್‌ನರ್‌ಶಿಪ್ ಆಗಿದ್ರೆ, ಅವರ ಸ್ವಂತ ಮನೆ ಕಾರಿನ ತನಕ ಹೋಗಬಹುದು. ಪ್ರೈವೇಟ್ ಲಿಮಿಟೆಡ್‌ನಲ್ಲಿ ಸಾಲ ಕಂಪನೀದು, ಡೈರೆಕ್ಟರ್‌ದಲ್ಲ. ಕಂಪನಿ ಹತ್ರ ಇದ್ದಿದ್ದು ಹಳೇ ಲ್ಯಾಪ್‌ಟಾಪ್, ಒಂದಷ್ಟು ಕೆಟ್ಟ ಮಷೀನು. ಸರ್ ಅವರ ಜಯನಗರದ ಮನೆ ಹಾಗೇ ಇತ್ತು, ಕಾರೂ ಇತ್ತು, ನಮ್ಮ ಹುಡುಗರು ನೋಡಿ ನೋಡಿ ಉರ್ಕೊಳ್ತಿದ್ರು, ಕಾನೂನಿನ ಪ್ರಕಾರ ಅದನ್ನ ಮುಟ್ಟೋ ಹಾಗಿಲ್ಲ.

ಇಲ್ಲೇ ಅಕೌಂಟ್ಸ್ ತಲೆ ಉಪಯೋಗಕ್ಕೆ ಬಂತು. ಶಟರ್ ಎಳೆದ ಮಾತ್ರಕ್ಕೆ ಕಂಪನಿ ಸಾಯಲ್ಲ. ಎಂಸಿಎ, ಅಂದ್ರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ರಿಜಿಸ್ಟರಲ್ಲಿ ಅದು ಬದುಕೇ ಇರತ್ತೆ, ಬದುಕಿರೋ ತನಕ ವರ್ಷ ವರ್ಷ ರಿಟರ್ನ್ಸ್ ಹಾಕಬೇಕು, ಹಾಕದಿದ್ರೆ ದಂಡ ಏರ್ತಾ ಹೋಗತ್ತೆ, ಮೂರು ವರ್ಷ ಹಾಕದಿದ್ರೆ ಡೈರೆಕ್ಟರ್ ಬೇರೆ ಕಂಪನೀಲೂ ಡೈರೆಕ್ಟರ್ ಆಗಿರೋಕೆ ಅನರ್ಹ ಆಗ್ತಾರೆ. ಹಂಗಾಗಿ ಇವತ್ತಲ್ಲ ನಾಳೆ ಅವರು ಕಂಪನಿ ಹೆಸರು ರಿಜಿಸ್ಟರಿಂದ ತೆಗೆಸೋಕೆ ಅರ್ಜಿ ಹಾಕಲೇಬೇಕು. ಆ ಫಾರ್ಮ್ ಹೆಸರು STK-2. ಎರಡು ಹಣಕಾಸು ವರ್ಷ ವ್ಯವಹಾರ ನಡೆದಿರಬಾರದು, ಸಾಲ ಎಲ್ಲ ತೀರಿರಬೇಕು, ಡೈರೆಕ್ಟರ್‌ಗಳು ಅಫಿಡವಿಟ್ ಕೊಡಬೇಕು, ಯಾವುದಾದ್ರೂ ಬಾಕಿ ಹೊರಗೆ ಬಂದ್ರೆ ನಾವು ಜವಾಬ್ದಾರಿ ಅಂತ ಇಂಡೆಮ್ನಿಟಿ ಬಾಂಡ್ ಬರೆದುಕೊಡಬೇಕು. ನಮ್ಮದು 2022 ಜನವರಿಗೆ ಮುಚ್ಚಿದ್ದು, ಎರಡು ಪೂರ್ತಿ ವರ್ಷ ಅಂದ್ರೆ 2024 ಮಾರ್ಚ್. ಅದಾದ ಮೇಲೆ ಯಾವಾಗ ಬೇಕಾದ್ರೂ ಹಾಕ್ತಾರೆ ಅಂತ ನನಗೆ ಲೆಕ್ಕ ಇತ್ತು. ಅಷ್ಟರಲ್ಲಿ ಕೆಲಸಗಾರರೂ ಮರೆತು ಬೇರೆ ಬೇರೆ ಕಡೆ ಸೆಟಲ್ ಆಗಿರ್ತಾರೆ, ಯಾರೂ ನೋಡಲ್ಲ.

ನಾನು ನೋಡ್ತಿದ್ದೆ. 2024 ಏಪ್ರಿಲ್‌ನಿಂದ ಪ್ರತಿ ಒಂದನೇ ತಾರೀಕು, ಹಾಲಿನವನ ದುಡ್ಡು ಕೊಟ್ಟ ಮೇಲೆ ಎಂಸಿಎ ವೆಬ್‌ಸೈಟಿಗೆ ಹೋಗಿ ಕಂಪನಿ ಮಾಸ್ಟರ್ ಡೇಟಾದಲ್ಲಿ ಹೆಸರು ಹಾಕಿ ನೋಡೋದು. ಏಪ್ರಿಲ್, Active. ಮೇ, ಜೂನ್, Active. ಜುಲೈ ಒಂದಕ್ಕೆ Under Process of Striking Off. ಅವತ್ತೇ ಅದೇ ಸೈಟಲ್ಲಿ ಪಬ್ಲಿಕ್ ನೋಟಿಸ್ ಹುಡುಕಿದೆ, STK-6 ಅಂತ ಇರತ್ತೆ, ಉದ್ದ ಪಟ್ಟಿ, ಅದರಲ್ಲಿ ನಮ್ಮ ಕಂಪನಿ ಹೆಸರು ಇತ್ತು. ನೋಟಿಸ್ ದಿನದಿಂದ 30 ದಿನದೊಳಗೆ ಆಕ್ಷೇಪಣೆ ಕೊಡಬೇಕು. ನೋಟಿಸ್ ಹಾಕಿ ಒಂಬತ್ತು ದಿನ ಆಗ್ಲೇ ಕಳೆದಿತ್ತು. ತಿಂಗಳಿಗೊಂದು ಸಲ ನೋಡಿದ್ದು ನನ್ನ ತಪ್ಪೇ, ಹದಿನೈದು ದಿನಕ್ಕೊಮ್ಮೆ ನೋಡಬೇಕು, ನೋಟಿಸ್ ಎರಡನೇ ತಾರೀಕು ಬಿದ್ದು ನಾನು ಮುಂದಿನ ಒಂದಕ್ಕೆ ನೋಡಿದ್ರೆ ಕಥೆ ಮುಗಿದಿರ್ತಿತ್ತು.

ಆಕ್ಷೇಪಣೆ ಅಂದ್ರೆ ದೊಡ್ಡ ಕೇಸ್ ಅಲ್ಲ. ಎರಡು ಪುಟದ ಪತ್ರ. ಕಂಪನಿ ಹೆಸರು, ನೋಂದಣಿ ಸಂಖ್ಯೆ, ನಾವು ಯಾರು, ಎಷ್ಟು ಬಾಕಿ, ಲೇಬರ್ ಕೋರ್ಟ್ ಅರ್ಜಿ ನಂಬರ್‌ಗಳು, ಜೊತೆಗೆ ಆ ಲ್ಯಾಪ್‌ಟಾಪ್ ಲಿಸ್ಟ್, ಪೇಸ್ಲಿಪ್, 26ಎಎಸ್. ಕಂಪನಿಗಳನ್ನ ಹೀಗೆ ಮುಚ್ಚೋ ಅರ್ಜಿಗಳನ್ನೆಲ್ಲ 2023 ಮೇ ತಿಂಗಳಿಂದ ಸಿ-ಪೇಸ್ ಅನ್ನೋ ಒಂದೇ ಆಫೀಸು ನೋಡತ್ತೆ, ಹರಿಯಾಣದ ಮಾನೇಸರಲ್ಲಿದೆ. ಇಮೇಲ್ ಮಾಡಿ, ಸ್ಪೀಡ್ ಪೋಸ್ಟಲ್ಲೂ ಕಳಿಸಿದ್ವಿ. ಪತ್ರದಲ್ಲಿ ನಮ್ಮ ಲಾಯರ್ ಒಂದು ಪ್ಯಾರಾ ಸೇರಿಸಿದ್ರು, ಕಂಪನೀಸ್ ಆಕ್ಟ್ 251ನೇ ಸೆಕ್ಷನ್. ಸಾಲದಿಂದ ತಪ್ಪಿಸ್ಕೊಳ್ಳೋಕೆ ಅಂತ ಸುಳ್ಳು ಹೇಳಿ ಕಂಪನಿ ಹೆಸರು ತೆಗೆಸಿದ್ರೆ, ಅದರಿಂದ ನಷ್ಟ ಆದವರಿಗೆ ನಡೆಸ್ತಿದ್ದವರೇ ಸ್ವಂತವಾಗಿ ಹೊಣೆ, ಮೇಲೆ ವಂಚನೆಗೆ ಶಿಕ್ಷೆ. ಅಂದ್ರೆ ಅಲ್ಲಿ ತನಕ ಪ್ರೈವೇಟ್ ಲಿಮಿಟೆಡ್ ಅನ್ನೋ ಗೋಡೆ ಹಿಂದೆ ಇದ್ದವರು, ಸಾಲ ಏನೂ ಇಲ್ಲ ಅಂತ ಅಫಿಡವಿಟ್‌ಗೆ ಸೈನ್ ಹಾಕಿದ ದಿನ ತಾವಾಗೇ ಗೋಡೆ ಹೊರಗೆ ಬಂದಿದ್ರು. ಎರಡೂವರೆ ವರ್ಷದಲ್ಲಿ ಮೊದಲನೇ ಸಲ ನಮ್ಮ ಕೈಗೆ ಹಿಡಿ ಸಿಕ್ತು.

ಹನ್ನೆರಡು ದಿನಕ್ಕೆ ಸರ್ ಫೋನ್ ಮಾಡಿದ್ರು. ಎರಡೂವರೆ ವರ್ಷ ನನ್ನ ನಂಬರ್ ಬ್ಲಾಕ್ ಮಾಡಿಟ್ಟಿದ್ದವರು. ಏನಮ್ಮ, ಹೀಗೆಲ್ಲ ಮಾಡೋದಾ, ಮೊದಲೇ ನನ್ನತ್ರ ಬಂದಿದ್ರೆ ಆಗ್ತಿರ್ಲಿಲ್ವಾ ಅಂದ್ರು. ನಾನು ಸರ್, ಕೋರ್ಟಲ್ಲಿ ಮಾತಾಡೋಣ ಅಂತ ಅಷ್ಟೇ ಹೇಳಿದ್ದು, ಕೈ ನಡುಗ್ತಿತ್ತು ನಿಜ ಹೇಳಬೇಕು ಅಂದ್ರೆ.

ಮಾತುಕತೆ ಎರಡು ತಿಂಗಳು ಹಿಡೀತು. ಕೊನೆಗೆ ಒಪ್ಪಿದ್ದು, ಬಾಕಿ ಸಂಬಳ ಪೂರ್ತಿ, ಮುಚ್ಚಿದ್ದರ ಪರಿಹಾರ ಮತ್ತೆ ನೋಟಿಸ್ ಸಂಬಳದಲ್ಲಿ ಅರ್ಧ. 16.4 ಲಕ್ಷ, ಅದರ ಮೇಲೆ 5.6 ಲಕ್ಷ, ಒಟ್ಟು 22 ಲಕ್ಷ, ನಾಲ್ಕು ಕಂತು. ಅರ್ಧ ಬಿಟ್ಟಿದ್ದು ಸರಿನಾ ಅಂತ ನಮ್ಮಲ್ಲೇ ಜಗಳ ಆಯ್ತು, ಟೆಸ್ಟರ್ ಮೇಡಂ ಇವತ್ತಿಗೂ ನನ್ನ ಮೇಲೆ ಸ್ವಲ್ಪ ಸಿಟ್ಟಿದೆ. ನನಗನಿಸೋದು, ಆರ್ಡರ್ ಬಂದು, ವಸೂಲಿ ಸರ್ಟಿಫಿಕೇಟ್ ಆಗಿ, ಖಾಲಿ ಕಂಪನಿ ಮೇಲೆ ಜಪ್ತಿಗೆ ಹೋಗಿ ಸೊನ್ನೆ ತರೋದಕ್ಕಿಂತ ಇದು ವಾಸಿ.

ಎರಡು ವಿಷಯ ಮಾತ್ರ ನಾವು ಬಿಟ್ಟುಕೊಡ್ಲಿಲ್ಲ. ಒಂದು, ಚೆಕ್ಕು ಡೈರೆಕ್ಟರ್ ಸ್ವಂತ ಖಾತೆಯದ್ದೇ ಆಗಬೇಕು. ಕಂಪನಿ ಖಾತೆ ಆಗ್ಲೇ ಮುಚ್ಚಿತ್ತು, ಅದರ ಚೆಕ್ ತಗೊಂಡು ಉಪ್ಪು ಹಾಕ್ಕೊಂಡು ನೆಕ್ಕೋದಾ. ಸ್ವಂತ ಚೆಕ್ ಬೌನ್ಸ್ ಆದ್ರೆ ಬೀಳೋ ಕ್ರಿಮಿನಲ್ ಕೇಸ್ ಆ ಸೈನ್ ಹಾಕಿದ ಮನುಷ್ಯನ ಮೇಲೇ. ಎರಡು, ಕೊನೇ ಚೆಕ್ ಕ್ಲಿಯರ್ ಆದ ಮೇಲೆ ಮಾತ್ರ ಆಕ್ಷೇಪಣೆ ವಾಪಸ್. ಅವರ ಲಾಯರ್ ಮೊದಲ ಚೆಕ್ಕಿಗೇ ವಾಪಸ್ ತಗೊಳ್ಳಿ ಅಂತ ಬಹಳ ಪಟ್ಟು ಹಿಡಿದ್ರು, ಯಾಕೆ ಅಂತ ಆಮೇಲೆ ಗೊತ್ತಾಯ್ತು. ಎಲ್ಲ ಬರೆದು ಲೇಬರ್ ಕೋರ್ಟಲ್ಲಿ ಜಂಟಿ ಮೆಮೋ ಹಾಕಿ ರೆಕಾರ್ಡ್ ಮಾಡಿಸಿದ್ವಿ. 19 ಜನಕ್ಕೆ ನಾಲ್ಕರ ಹಾಗೆ 76 ಚೆಕ್. ಸರ್ ಕೋರ್ಟ್ ಕಾರಿಡಾರಲ್ಲಿ ಬೆಂಚ್ ಮೇಲೆ ಕೂತು ಮುಕ್ಕಾಲು ಗಂಟೆ ಸೈನ್ ಹಾಕಿದ್ರು, ನಾನು ಪಕ್ಕದಲ್ಲಿ ನಿಂತು ಹೆಸರು ಓದ್ತಾ ಹೋದೆ, ಥೇಟ್ ಹಿಂದೆ ಆಫೀಸಲ್ಲಿ ತಿಂಗಳ ಕೊನೇಲಿ ಓದ್ತಿದ್ದ ಹಾಗೇ.

ಸರ್ವೀಸ್ ಹುಡುಗನಿಗೆ ಬಂದದ್ದು ಬಾಕಿ 48,750, ಪರಿಹಾರದ ಅರ್ಧ 29,250, ಒಟ್ಟು 78,000. ನಾಲ್ಕು ಚೆಕ್ಕಿಗೆ ಭಾಗ ಮಾಡಿದ್ರೆ ತಲಾ 19,500, ಅವನ ಹಳೇ ಸಂಬಳ ಎಷ್ಟಿತ್ತೋ ಅಷ್ಟೇ. ಅದು ಕಾಕತಾಳೀಯ, ಯಾರೂ ಬೇಕು ಅಂತ ಮಾಡಿದ್ದಲ್ಲ.

2024 ಅಕ್ಟೋಬರ್, ಡಿಸೆಂಬರ್, 2025 ಫೆಬ್ರವರಿ ಚೆಕ್ಕುಗಳು ಪಾಸಾದ್ವು. ಏಪ್ರಿಲ್ 15ರ ಚೆಕ್ಕು ಬೌನ್ಸು, ಖಾತೇಲಿ ದುಡ್ಡಿಲ್ಲ ಅಂತ ಬ್ಯಾಂಕ್ ಮೆಮೋ. ಇಲ್ಲಿ ತಾರೀಕು ಲೆಕ್ಕ ಬಹಳ ಮುಖ್ಯ. ಚೆಕ್ ವಾಪಸ್ ಬಂತು ಅಂತ ಬ್ಯಾಂಕಿಂದ ಗೊತ್ತಾದ 30 ದಿನದೊಳಗೆ ಬರವಣಿಗೇಲಿ ನೋಟಿಸ್ ಕೊಡಬೇಕು, ನೋಟಿಸ್ ಅವರ ಕೈ ಸೇರಿದ ಮೇಲೆ ಅವರಿಗೆ 15 ದಿನ ಟೈಮ್, ಅಷ್ಟರಲ್ಲಿ ಕೊಡದಿದ್ರೆ ನಂತರದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ದೂರು. ಯಾವುದೇ ಒಂದು ತಪ್ಪಿದ್ರೂ ಆ ಚೆಕ್ಕಿನ ಕೇಸ್ ಕುಂಟತ್ತೆ. ಮೆಮೋ ಬಂದಿದ್ದು ಏಪ್ರಿಲ್ 17ಕ್ಕೆ, ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿದ ನೋಟಿಸ್ ಮೇ 2ಕ್ಕೆ ತಲುಪಿತ್ತು. ಹದಿಮೂರನೇ ದಿನ, ಮೇ 15ಕ್ಕೆ, ಎಲ್ಲರ ಖಾತೆಗೂ ಕೊನೇ ಕಂತು ನೆಫ್ಟ್ ಆಗಿ ಬಂತು. ಮೊದಲ ಚೆಕ್ಕಿಗೇ ಆಕ್ಷೇಪಣೆ ವಾಪಸ್ ತಗೊಂಡಿದ್ರೆ ಬರ್ತಿತ್ತಾ? ನನಗೆ ಅನುಮಾನ.

ಹೊರಗೆ ಉಳಿದವರ ವಿಷಯ. ಆಪರೇಷನ್ಸ್ ಮ್ಯಾನೇಜರ್‌ಗೆ ಬರಬೇಕಾಗಿದ್ದು 2,37,500, ಅವರು ವರ್ಕ್‌ಮನ್ ಅಲ್ಲ, ಸಿವಿಲ್ ಕೋರ್ಟೇ ಗತಿ. ಅಲ್ಲಿ ಸಂಬಳ ಕೊಡಬೇಕಾದ ದಿನದಿಂದ ಮೂರು ವರ್ಷ ಗಡುವು, ನವೆಂಬರ್ ಸಂಬಳದ್ದು 2024 ಡಿಸೆಂಬರ್‌ಗೆ ಮುಗಿದಿತ್ತು. ಅವರನ್ನ ಉಳಿಸಿದ್ದು ಒಂದು ಇಮೇಲು, 2022 ಮಾರ್ಚಲ್ಲಿ ಸರ್ ಅವರಿಗೆ ನಿಮ್ಮ ಎರಡೂವರೆ ತಿಂಗಳದ್ದು ಜೂನ್ ಒಳಗೆ ಕ್ಲಿಯರ್ ಮಾಡ್ತೀನಿ ಅಂತ ಬರೆದಿದ್ರು. ಗಡುವಿನೊಳಗೆ ಸಾಲ ಒಪ್ಪಿ ಬರೆದುಕೊಟ್ರೆ ಅವತ್ತಿಂದ ಹೊಸದಾಗಿ ಮೂರು ವರ್ಷ ಎಣಿಸ್ತಾರೆ, ಆ ಲೆಕ್ಕದಲ್ಲಿ 2025 ಫೆಬ್ರವರೀಲಿ ದಾವೆ ಹಾಕಿದ್ರು, ಕೋರ್ಟ್ ಫೀಸ್ ಕೈಯಿಂದ ಕಟ್ಟಿ. ಇನ್ನೂ ನಡೀತಿದೆ. ಸೇಲ್ಸ್ ಮ್ಯಾನೇಜರ್ ಇಂಥ ಮೇಲ್ ಏನೂ ಇಟ್ಕೊಂಡಿರ್ಲಿಲ್ಲ, ಫೋನಲ್ಲೇ ಕೇಳ್ತಿದ್ರಂತೆ, ಬಿಟ್ಟುಬಿಟ್ರು.

ಇದೇ ಕೇಸ್ ಈಗ ಆಗಿದ್ರೆ ಆ ಇಬ್ಬರಿಗೆ ಇಷ್ಟು ಕಷ್ಟ ಇರ್ತಿರ್ಲಿಲ್ಲ. 2025 ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ, ಅದರಲ್ಲಿ ಸಂಬಳ ಬಾಕಿ ಕೇಳೋಕೆ ಮ್ಯಾನೇಜರು, ಕ್ಲರ್ಕು ಅಂತ ಭೇದ ಇಲ್ಲ, ಸಂಬಳದ ಮಿತೀನೂ ಇಲ್ಲ. ಕಂಪನಿ ಮುಚ್ಚಿ ಕೆಲಸ ಹೋದ್ರೆ ಎರಡು ಕೆಲಸದ ದಿನದೊಳಗೆ ಬಾಕಿ ಕೊಡಬೇಕು, ಕ್ಲೇಮ್ ಹಾಕೋಕೆ ಮೂರು ವರ್ಷ ಟೈಮ್, ಕೊಟ್ಟಿದೀನಿ ಅಂತ ಸಾಬೀತು ಮಾಡೋ ಭಾರ ಮಾಲೀಕನದ್ದು, ಬಾಕಿಯ ಹತ್ತು ಪಟ್ಟಿನ ತನಕ ಪರಿಹಾರ ಹಾಕೋ ಅಧಿಕಾರ ಪ್ರಾಧಿಕಾರಕ್ಕಿದೆ. ಮುಚ್ಚಿದ್ದಕ್ಕೆ ಪರಿಹಾರ ಮಾತ್ರ ಈಗಲೂ ವರ್ಕರ್‌ಗಷ್ಟೇ, ಸೂಪರ್‌ವೈಸರ್ ಮಿತಿ 10,000 ಇದ್ದಿದ್ದು 18,000 ಆಗಿದೆ. ಖಾಲಿ ಕಂಪನಿ ಸಮಸ್ಯೆ ಹಾಗೇ ಇದೆ, ಹತ್ತು ಪಟ್ಟು ಅಂತ ಆರ್ಡರ್ ಬಂದ್ರೂ ಸೊನ್ನೆ ಇಂಟು ಹತ್ತು ಸೊನ್ನೆಯೇ.

ಜುಲೈ ನೋಟಿಸ್ ನಾನು ನೋಡದೇ ಹೋಗಿದ್ದು, ಹೆಸರು ತೆಗೆದೇಬಿಟ್ಟಿದ್ರೆ ಅಂತ ಕೆಲವರು ಕೇಳ್ತಾರೆ. ಅವಾಗ್ಲೂ ಒಂದು ದಾರಿ ಇದೆ, ಸಾಲ ಕೊಟ್ಟವರು, ಕಾರ್ಮಿಕರು ಎನ್‌ಸಿಎಲ್‌ಟಿಗೆ ಹೋಗಿ ಕಂಪನೀನ ಮತ್ತೆ ರಿಜಿಸ್ಟರಿಗೆ ತನ್ನಿ ಅಂತ ಕೇಳಬಹುದು, ಅದಕ್ಕೆ ಗಡುವು 20 ವರ್ಷ, ಇದಕ್ಕೆ ಒಂದು ಕೋಟಿ ಲೆಕ್ಕ ಬರಲ್ಲ. ಆದ್ರೆ ಅದಕ್ಕೆ ಲಾಯರ್ ಬೇಕು, ಖರ್ಚಿದೆ, ಎರಡು ಪುಟದ ಪತ್ರ ಮತ್ತೆ ಒಂದು ಸ್ಪೀಡ್ ಪೋಸ್ಟಲ್ಲಿ ಮುಗಿಯಲ್ಲ.

ಕೊನೇ ಕಂತು ಬಂದ ವಾರ ನಾವು ಒಪ್ಪಿದ ಪ್ರಕಾರ ಆಕ್ಷೇಪಣೆ ವಾಪಸ್ ಪತ್ರ ಕಳಿಸಿದ್ವಿ. ಆಪರೇಷನ್ಸ್ ಮ್ಯಾನೇಜರ್ ಕಳಿಸಿಲ್ಲ, ಅವರು ತಮ್ಮದು ಬೇರೆ ಆಕ್ಷೇಪಣೆ ಕೊಟ್ಟಿದ್ರು, ಅವರ ದಾವೆ ಮುಗಿಯೋ ತನಕ ಇರ್ಲಿ ಅಂತಾರೆ. ಒಂದನೇ ತಾರೀಕು ಮಾಸ್ಟರ್ ಡೇಟಾ ನೋಡೋ ಕೆಲಸ ಈಗ ಅವರದ್ದು, ಹದಿನೈದಕ್ಕೂ ಒಂದ್ಸಲ ನೋಡಿ ಅಂತ ಹೇಳಿದೀನಿ.